ಡಿಸ್ಚಾರ್ಜ್ ತಡ ಆಗೋದರ ಬಗ್ಗೆ ಎಲ್ಲ ವಿಭಾಗಗಳ ಕಾರ್ಯಾಗಾರ: ಆಹ್ವಾನ ಹೇಗೆ ಬರೆಯಲಿ?

ಕ್ವಾಲಿಟಿ ಡೆಸ್ಕ್

ಎಲ್ಲರಿಗೂ ನಮಸ್ಕಾರ. ನಾನು 180 ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಊರಿನ ಹೆಸರು ಬೇಡ. ನಮ್ಮಲ್ಲಿ ಡಾಕ್ಟರ್ "ಇವತ್ತು ಮನೆಗೆ ಹೋಗಬಹುದು" ಅಂತ ಬೆಳಗ್ಗೆ ಹೇಳಿದರೂ ರೋಗಿ ಹೊರಡುವುದು ಸಂಜೆ. ವಾರ್ಡಿನಲ್ಲಿ ದಿನಾ ಜಗಳ. ಅತ್ತ ಕ್ಯಾಶುವಾಲ್ಟಿಯಲ್ಲಿ ಹೊಸ ರೋಗಿ ಹಾಸಿಗೆಗೆ ಕಾಯುತ್ತಾ ಇರುತ್ತಾರೆ.

ಹೋದ ತಿಂಗಳು ಇದಕ್ಕೆ ಅಂತಲೇ ಒಂದು ಸಭೆ ಕರೆದೆ. 17 ಜನ ಬಂದರು. ಎರಡು ಗಂಟೆ ಮಾತಾಡಿದೆವು. ನರ್ಸಿಂಗ್‌ನವರು ಬಿಲ್ಲಿಂಗ್ ಕಡೆ ಬೆರಳು ತೋರಿಸಿದರು, ಬಿಲ್ಲಿಂಗ್‌ನವರು ಫಾರ್ಮಸಿ ಕಡೆ. ಕೊನೆಗೆ ಎಲ್ಲರೂ ಸೇರಿ ಇನ್ಶೂರೆನ್ಸ್ ಕಂಪನಿ ಮೇಲೆ ಹಾಕಿದರು. ಏನೂ ತೀರ್ಮಾನ ಆಗಲಿಲ್ಲ. ಅವತ್ತು ಕಳಿಸಿದ್ದ ಆಹ್ವಾನ ಇದು:

> ವಿಷಯ: ಡಿಸ್ಚಾರ್ಜ್ ಪ್ರಕ್ರಿಯೆ ಸುಧಾರಣೆ ಕುರಿತು ಚರ್ಚೆ
> ಎಲ್ಲ ವಿಭಾಗಗಳ ಮುಖ್ಯಸ್ಥರು ಬೆಳಗ್ಗೆ 11ಕ್ಕೆ ಕಾನ್ಫರೆನ್ಸ್ ಹಾಲ್‌ಗೆ ತಪ್ಪದೆ ಹಾಜರಾಗಬೇಕು. ಸಿದ್ಧತೆಯೊಂದಿಗೆ ಬನ್ನಿ.
> ಲಗತ್ತು: ಡಿಸ್ಚಾರ್ಜ್ ಎಸ್‌ಒಪಿ (38 ಪುಟ), ಮೂರು ತಿಂಗಳ ಎಕ್ಸೆಲ್ ಶೀಟ್

ಈಗ ಮತ್ತೆ ಕರೆಯಬೇಕು. ಮೆಡಿಕಲ್ ಸೂಪರಿಂಟೆಂಡೆಂಟ್ ಇನ್ನೊಂದು ಸಲ ಎರಡು ಗಂಟೆ ಕೊಡಲು ಒಪ್ಪಿದ್ದಾರೆ. ಉದ್ದೇಶ ಏನು, ಮೊದಲೇ ಏನು ಓದಬೇಕು, ಕೊನೆಗೆ ಕೈಯಲ್ಲಿ ಏನಿರಬೇಕು, ಈ ಮೂರನ್ನೂ ಆಹ್ವಾನದಲ್ಲೇ ಸರಿಯಾಗಿ ಬರೆಯಬೇಕು ಅಂತಿದೆ. ಇಂಥದ್ದು ಮಾಡಿದವರು ದಯವಿಟ್ಟು ಹೇಳಿ.

ಪೀಣ್ಯ ಎರಡನೇ ಹಂತ

ಮೇಡಂ, ನಾನು ಕಾರ್ಖಾನೆಯವನು. ನಮ್ಮಲ್ಲಿ ವಾರಕ್ಕೊಂದು ಇಂಥ ಸಭೆ ಇರುತ್ತದೆ. ನಿಮ್ಮ ಆಹ್ವಾನದಲ್ಲಿ ಗುರಿ ಇಲ್ಲ, ಅದೇ ತೊಂದರೆ. "ಡಿಸ್ಚಾರ್ಜ್ ಸಮಯ ಎರಡು ಗಂಟೆಗೆ ಇಳಿಸುವುದು" ಅಂತ ನಿರೀಕ್ಷಿತ ಫಲಿತಾಂಶದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಸಂಖ್ಯೆ ಇದ್ದರೆ ಜನ ನೆಟ್ಟಗಾಗುತ್ತಾರೆ.

ಇನ್ನೊಂದು, ಎಸ್‌ಒಪಿ ಪೂರ್ತಿ ಕಳಿಸಿದ್ದು ಸರಿಯೇ ಇದೆ. ಅದನ್ನು ತೆಗೆಯಬೇಡಿ. ಆಮೇಲೆ ಯಾರೂ "ನನಗೆ ಗೊತ್ತಿರಲಿಲ್ಲ" ಅನ್ನುವ ಹಾಗಿರಬಾರದು.

ಈಗ ಸರ್ಕಾರದ ನಿಯಮವೂ ಇದೆಯಲ್ವಾ, ಇನ್ಶೂರೆನ್ಸ್ ಇದ್ದವರನ್ನು ಮೂರು ಗಂಟೆಯೊಳಗೆ ಡಿಸ್ಚಾರ್ಜ್ ಮಾಡಲೇಬೇಕು ಅಂತ. ಅದನ್ನೂ ಹಾಕಿ.

ಬೆಳಗಾವಿ ಕುಂದಾ

ನಮ್ಮ ಅತ್ತೆಯವರ ಡಿಸ್ಚಾರ್ಜ್ ಇದೇ ತಿಂಗಳು ಆಯಿತು. ಬೆಳಗ್ಗೆ 10ಕ್ಕೆ ಹೇಳಿದವರು ಬಿಟ್ಟದ್ದು ಸಂಜೆ ಆರೂವರೆಗೆ. ಕಾರಿನವನಿಗೆ ಮೂರು ಸಲ ಫೋನ್ ಮಾಡಿ ಬಾ ಅಂದೆವು, ಮೂರು ಸಲ ವಾಪಸ್ ಕಳಿಸಿದೆವು. ವಯಸ್ಸಾದವರು, ಕೈಯಲ್ಲಿ ಸೂಜಿ ತೆಗೆದಾಗಿದೆ, ಬಟ್ಟೆ ಬದಲಿಸಿ ಮಂಚದ ತುದಿಯಲ್ಲಿ ಕೂತಿದ್ದಾರೆ. ನೋಡಲು ಆಗಲಿಲ್ಲರೀ. ಇದಕ್ಕೆ ಎಲ್ಲಿ ದೂರು ಕೊಡಬೇಕು ಯಾರಾದರೂ ಹೇಳಿ.

ತಡ ಆಗಿದ್ದಕ್ಕಿಂತ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಏನಕ್ಕೆ ಕಾಯ್ತಾ ಇದ್ದೇವೆ ಅಂತ ಒಬ್ಬರೂ ಹೇಳಲಿಲ್ಲ. ಕೇಳಿದರೆ "ಪ್ರೋಸೆಸ್‌ನಲ್ಲಿದೆ" ಅಷ್ಟೇ.

ತುಂಗೆ ದಂಡೆ

ಕ್ವಾಲಿಟಿ ಡೆಸ್ಕ್ ಅವರೇ, ನಾನು ಆಸ್ಪತ್ರೆಗಳಲ್ಲೇ ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೆಲಸ ಮಾಡಿ ಈಗ ನಿವೃತ್ತ. ಇಂಥ ಕಾರ್ಯಾಗಾರ ಎಷ್ಟು ನಡೆಸಿದ್ದೇನೋ ಲೆಕ್ಕವಿಲ್ಲ. ನಿಧಾನವಾಗಿ ಹೇಳುತ್ತೇನೆ.

ಮೊದಲು ಪೀಣ್ಯದವರ ಮಾತಿಗೆ. ಸಂಖ್ಯೆ ಬೇಕು ಅಂದದ್ದು ಸರಿ, ಆದರೆ ಅದನ್ನು ಇಡುವ ಜಾಗ ಅದಲ್ಲ. "ಎರಡು ಗಂಟೆಗೆ ಇಳಿಸುವುದು" ಇಡೀ ಕೆಲಸದ ಗುರಿ. ಅದಕ್ಕೆ ತಿಂಗಳುಗಳೇ ಬೇಕು. ಕಾರ್ಯಾಗಾರದ ಫಲಿತಾಂಶ ಅಂದರೆ ಸಂಜೆ ಐದಕ್ಕೆ ಬಾಗಿಲು ತೆಗೆದು ಹೊರಗೆ ಬರುವಾಗ ಆ ಕೋಣೆಯಲ್ಲಿ ಹೊಸದಾಗಿ ಏನು ಇರುತ್ತದೆ ಅನ್ನೋದು. ಗೋಡೆ ಮೇಲೆ ಒಂದು ನಕ್ಷೆ, ಒಪ್ಪಿದ ಎರಡು ಬದಲಾವಣೆ, ಅದಕ್ಕೆ ಎದುರಾಗಿ ಒಬ್ಬರ ಹೆಸರು, ಶುರು ಮಾಡುವ ದಿನ. ಇಂಥವು. ಗುರಿಯನ್ನೇ ಫಲಿತಾಂಶ ಅಂತ ಬರೆದರೆ ಪ್ರತಿ ವಿಭಾಗವೂ ತನ್ನನ್ನು ಕಾಪಾಡಿಕೊಳ್ಳುವ ತಯಾರಿಯಲ್ಲೇ ಬರುತ್ತದೆ.

ಮೂರು ಗಂಟೆಯ ನಿಯಮವೂ ಹಾಗಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆ ಇನ್ಶೂರೆನ್ಸ್ ಕಂಪನಿಗೆ ಅನ್ವಯಿಸುತ್ತದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ ಮೇಲೆ ಮೂರು ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ, ಆ ಕಾರಣಕ್ಕೆ ಆಸ್ಪತ್ರೆ ಹೆಚ್ಚುವರಿ ಬಿಲ್ ಹಾಕಿದರೆ ಅದನ್ನು ಕಂಪನಿಯೇ ಹೊರಬೇಕು. ಗಡಿಯಾರ ಶುರುವಾಗುವುದು ನೀವು ಕಾಗದ ಕಳಿಸಿದ ಮೇಲೆ. ಬೆಳಗ್ಗೆ ಡಾಕ್ಟರ್ ಹೇಳಿದ ಹೊತ್ತಿನಿಂದ ಅಲ್ಲ. ಈ ವ್ಯತ್ಯಾಸವನ್ನು ಹಿಡಿದುಕೊಳ್ಳಿ, ನಿಮ್ಮ ಕಾರ್ಯಾಗಾರದ ತಿರುಳೇ ಇಲ್ಲಿರಬಹುದು.

ಈಗ ನಿಮಗೆ ಒಂದು ಪ್ರಶ್ನೆ. ಒಂದು ರೋಗಿಯ ಫೈಲ್ ತೆಗೆದುಕೊಂಡು ಪ್ರತಿ ಹಂತಕ್ಕೂ ಎಷ್ಟು ಹೊತ್ತಿಗೆ ಏನಾಯಿತು ಅಂತ ಬರೆದು ನೋಡಿದ್ದೀರಾ? ತಿಂಗಳ ಸರಾಸರಿ ಬೇಡ. ಒಂದೇ ಒಂದು ಫೈಲ್.

ಕ್ವಾಲಿಟಿ ಡೆಸ್ಕ್

ಸರ್, ಸರಾಸರಿ ಮಾತ್ರ ಇತ್ತು. ಇವತ್ತು ಕೂತು ಒಂದು ಫೈಲ್ ಬಿಡಿಸಿದೆ. ಮೆಡಿಕಲ್ ವಾರ್ಡ್, ಇನ್ಶೂರೆನ್ಸ್ ರೋಗಿ, ಕ್ಯಾಶ್‌ಲೆಸ್. ನರ್ಸ್ ನೋಟ್ಸ್, ಬಿಲ್ಲಿಂಗ್ ಸಾಫ್ಟ್‌ವೇರ್, ಇನ್ಶೂರೆನ್ಸ್ ಪೋರ್ಟಲ್ ಮೂರನ್ನೂ ಹೊಂದಿಸಿ ನೋಡಿದ್ದು:

ಬೆಳಗ್ಗೆ 9:40ಕ್ಕೆ ರೌಂಡ್ಸ್‌ನಲ್ಲಿ ಡಾಕ್ಟರ್ ಮನೆಗೆ ಹೋಗಬಹುದು ಅಂದರು. ಫೈಲಿನಲ್ಲಿ ಅದನ್ನು ಬರೆದದ್ದು 10:50ಕ್ಕೆ, ರೌಂಡ್ಸ್ ಪೂರ್ತಿ ಮುಗಿದ ಮೇಲೆ. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಿದ್ದು 12:15ಕ್ಕೆ. ಕನ್ಸಲ್ಟೆಂಟ್ ಅಷ್ಟರಲ್ಲಿ ಓಪಿಡಿಯಲ್ಲಿದ್ದರು, ಸಹಿ ಬಿದ್ದದ್ದು 1:30ಕ್ಕೆ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿದ್ದು 12:40ಕ್ಕೆ, ಅಲ್ಲಿ ಲೆಕ್ಕ ಮುಗಿದದ್ದು 1:20ಕ್ಕೆ. ಫೈನಲ್ ಬಿಲ್ 2:05ಕ್ಕೆ. ಪೋರ್ಟಲ್‌ಗೆ ಏರಿಸಿದ್ದು 2:20ಕ್ಕೆ. ಒಪ್ಪಿಗೆ ಬಂದದ್ದು 4:10ಕ್ಕೆ. ರೋಗಿ ಹಾಸಿಗೆ ಬಿಟ್ಟದ್ದು 5:05ಕ್ಕೆ.

ಒಟ್ಟು 7 ಗಂಟೆ 25 ನಿಮಿಷ. ಅದರಲ್ಲಿ ಇನ್ಶೂರೆನ್ಸ್ ಕಂಪನಿ ತೆಗೆದುಕೊಂಡದ್ದು 1 ಗಂಟೆ 50 ನಿಮಿಷ ಅಷ್ಟೇ. ನಾವು ಅವರಿಗೆ ಕಳಿಸುವ ಹೊತ್ತಿಗೇ 4 ಗಂಟೆ 40 ನಿಮಿಷ ಹೋಗಿತ್ತು. ಇದನ್ನು ನೋಡಿ ನನಗೇ ಆಶ್ಚರ್ಯ ಆಯಿತು.

ತುಂಗೆ ದಂಡೆ

ಇದೇ ನಿಮ್ಮ ಓದುವ ಸಾಮಗ್ರಿ. 38 ಪುಟದ ಎಸ್‌ಒಪಿ ಹೀಗೆ ಆಗಬೇಕು ಅನ್ನುತ್ತದೆ, ಈ ಹತ್ತು ಸಾಲು ಹೀಗೆ ಆಯಿತು ಅನ್ನುತ್ತದೆ. ಜನ ಸೇರುವುದು ಎರಡರ ನಡುವಿನ ಅಂತರದ ಬಗ್ಗೆ ಮಾತಾಡಲು.

ಇನ್ನೊಂದು ಗಮನಿಸಿ. ಸಮ್ಮರಿಗೆ ಸಹಿ ಬಿದ್ದದ್ದು 1:30. ಔಷಧಿ ಲೆಕ್ಕ ಮುಗಿದದ್ದು 1:20. ಎರಡೂ ಕೆಲಸ ಪಕ್ಕಪಕ್ಕದಲ್ಲಿ ನಡೆಯುತ್ತವೆ, ಎರಡೂ ಮುಗಿದರೇನೇ ಇನ್ಶೂರೆನ್ಸ್ ರೋಗಿಯ ಫೈನಲ್ ಬಿಲ್ ಆಗಿ ಕಂಪನಿಗೆ ಕಾಗದ ಹೋಗೋದು. ಅಂದರೆ ಈ ಫೈಲಿನಲ್ಲಿ ಫಾರ್ಮಸಿ ಅರ್ಧ ಗಂಟೆ ಬೇಗ ಮಾಡಿದ್ದರೂ ರೋಗಿ ಒಂದು ನಿಮಿಷವೂ ಬೇಗ ಹೊರಡುತ್ತಿರಲಿಲ್ಲ. ತಡೆದದ್ದು ಸಮ್ಮರಿ. ಹೋದ ಸಭೆಯಲ್ಲಿ ಬಿಲ್ಲಿಂಗ್‌ನವರು ಫಾರ್ಮಸಿಯವರನ್ನು ಬೈದದ್ದು ಈ ರೋಗಿಯ ಮಟ್ಟಿಗೆ ತಪ್ಪು.

ಕ್ಯಾಶ್ ಕೌಂಟರ್

ಸ್ವಲ್ಪ ತಡೀರಿ ಸರ್. ನಾನು ಬೇರೆ ಆಸ್ಪತ್ರೆಯಲ್ಲಿ ಬಿಲ್ಲಿಂಗ್‌ನಲ್ಲಿ ಇದ್ದೇನೆ. ನಾವು ಸುಮ್ನೆ ಫಾರ್ಮಸಿಯವರನ್ನು ದೂರುವುದಿಲ್ಲ. ನಗದು ಕಟ್ಟುವ ರೋಗಿಗೆ ಬಿಲ್ ಮಾಡಲು ನಮಗೆ ಸಮ್ಮರಿಯೇ ಬೇಕಿಲ್ಲ. ಔಷಧಿ ವಾಪಸ್ ಲೆಕ್ಕ ಒಂದೇ ಬೇಕು. ಅಲ್ಲಿ ದಿನಾ ನಿಲ್ಲುವುದು ಫಾರ್ಮಸಿಯಲ್ಲೇ. ನಮ್ಮ ಕಿಟಕಿ ಮುಂದೆ ಜನ ಕೂಗಾಡುವುದು ಅದಕ್ಕೇ.

ತುಂಗೆ ದಂಡೆ

ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಆ ಸಭೆಯಲ್ಲಿ ಎಲ್ಲರೂ ಸತ್ಯವನ್ನೇ ಹೇಳಿದರು, ಆದರೂ ಜಗಳ ಆಯಿತು. ಒಬ್ಬರು ನಗದು ರೋಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದರು, ಇನ್ನೊಬ್ಬರು ಇನ್ಶೂರೆನ್ಸ್ ರೋಗಿಯನ್ನು. ಎರಡೂ ಬೇರೆ ಬೇರೆ ದಾರಿ. "ಡಿಸ್ಚಾರ್ಜ್ ಪ್ರಕ್ರಿಯೆ ಸುಧಾರಣೆ" ಅನ್ನುವ ವಿಷಯ ಎರಡನ್ನೂ ಒಂದೇ ಚೀಲಕ್ಕೆ ಹಾಕಿತು.

ಆದ್ದರಿಂದ ಕ್ವಾಲಿಟಿ ಡೆಸ್ಕ್ ಅವರೇ, ಉದ್ದೇಶದ ಸಾಲು ಬರೆಯುವಾಗ ಒಂದನ್ನು ಆರಿಸಿ. ಯಾವ ರೋಗಿ, ಯಾವ ವಾರ್ಡ್, ಎಲ್ಲಿಂದ ಎಲ್ಲಿಗೆ. ಎಲ್ಲಿಂದ ಅನ್ನೋದು ತುಂಬಾ ಮುಖ್ಯ. ಡಾಕ್ಟರ್ ಬಾಯಲ್ಲಿ ಹೇಳಿದ 9:40ರಿಂದ ಅಳೆಯುತ್ತೀರೋ, ಫೈಲಿನಲ್ಲಿ ಬರೆದ 10:50ರಿಂದಲೋ? ನಡುವೆ 70 ನಿಮಿಷ ಇದೆ. ನಿಮ್ಮ ಮೂರು ತಿಂಗಳ ಎಕ್ಸೆಲ್ ಯಾವುದರಿಂದ ಅಳೆದಿದೆ ನೋಡಿ. ಹೆಚ್ಚಿನ ಕಡೆ ಸಾಫ್ಟ್‌ವೇರ್‌ನಲ್ಲಿ ಡಿಸ್ಚಾರ್ಜ್ ಅಂತ ಒತ್ತಿದ ಹೊತ್ತಿನಿಂದ ಲೆಕ್ಕ ಹಾಕುತ್ತಾರೆ. ರೋಗಿಯ ಮನೆಯವರು ಲೆಕ್ಕ ಹಾಕುವುದು ಡಾಕ್ಟರ್ ಬಾಯಿಂದ ಬಂದಾಗಿನಿಂದ. ಆಹ್ವಾನದಲ್ಲೇ ಇದನ್ನು ಬರೆಯದಿದ್ದರೆ ಕಾರ್ಯಾಗಾರದ ಮೊದಲ ಅರ್ಧ ಗಂಟೆ "ನಿಮ್ಮ ಸಂಖ್ಯೆ ಸರಿಯಿಲ್ಲ" ಅನ್ನುವುದರಲ್ಲೇ ಹೋಗುತ್ತದೆ.

ಕಂಬಳಿಹುಳ

ನಾನು ಸಾಫ್ಟ್‌ವೇರ್‌ನಲ್ಲಿದ್ದೇನೆ. ಓದಿಕೊಂಡು ಬನ್ನಿ ಅಂತ ಕಳಿಸಿದ್ದನ್ನು ಯಾರೂ ಓದುವುದಿಲ್ಲ. ಅಮೆಜಾನ್‌ನಲ್ಲಿ ಸಭೆ ಶುರುವಾದ ಮೇಲೆ ಎಲ್ಲರೂ ಮಾತಿಲ್ಲದೆ ಕೂತು ಬರೆದ ಟಿಪ್ಪಣಿಯನ್ನು ಓದುತ್ತಾರೆ, ಆಮೇಲೆ ಚರ್ಚೆ. ಅಲ್ಲಿ ಅದು ಆರು ಪುಟದವರೆಗೆ ಇರುತ್ತದೆ. ನೀವು ಒಂದು ಪುಟ ಮಾಡಿ ಮೊದಲ ಹತ್ತು ನಿಮಿಷ ಅಲ್ಲೇ ಓದಿಸಿ. ಮೊದಲೇ ಕಳಿಸುವ ಗೊಡವೆಯೇ ಬೇಡ.

ಸೋನೆಮಳೆ

ನಾನು ವಾರ್ಡ್ ಇನ್‌ಚಾರ್ಜ್ ನರ್ಸ್. ಕಂಬಳಿಹುಳ ಅವರ ಮಾತನ್ನು ಒಪ್ಪಲು ಆಗುವುದಿಲ್ಲ. ನನಗೆ ಮೊದಲೇ ಬೇಕು. ಯಾಕೆ ಅಂದರೆ ಆ ಕಾಗದ ಕೈಯಲ್ಲಿದ್ದರೆ ನಾನು ಎರಡು ದಿನ ನನ್ನ ವಾರ್ಡಿನಲ್ಲೇ ನೋಡುತ್ತೇನೆ, ಇಲ್ಲೂ ಹೀಗೇ ಆಗುತ್ತಾ ಅಂತ. ನೈಟ್ ಡ್ಯೂಟಿ ಹುಡುಗಿಯರನ್ನು ಕೇಳುತ್ತೇನೆ. ಸಭೆಯಲ್ಲಿ ಕೂತು ಓದಿದರೆ ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ಹೇಳಬಹುದು.

ಆದರೆ ಮೇಡಂ, ಒಂದೆರಡು ಕಷ್ಟ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ವಾರ್ಡಿನಲ್ಲಿ ನಾವು ಈಮೇಲ್ ನೋಡುವುದೇ ಇಲ್ಲ. ಆಸ್ಪತ್ರೆ ಐಡಿ ಇದೆ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ವಾಟ್ಸ್‌ಆಪ್‌ನಲ್ಲಿ ಫೋಟೋ ಹಾಕಿ, ಒಂದು ಪ್ರಿಂಟ್ ನರ್ಸಿಂಗ್ ಸ್ಟೇಷನ್‌ನಲ್ಲಿ ಇಡಿ. ಕನ್ನಡದಲ್ಲೇ ಇರಲಿ. ಹೌಸ್‌ಕೀಪಿಂಗ್ ಸೂಪರ್‌ವೈಸರ್ ಇಂಗ್ಲಿಷ್ ಕಾಗದ ನೋಡಿದರೆ ಇದು ನನಗಲ್ಲ ಅಂತ ಎತ್ತಿಡುತ್ತಾರೆ.

ಬೆಳಗ್ಗೆ 11 ಅಂತ ಯಾಕೆ ಇಟ್ಟಿರಿ? ಅದೇ ಹೊತ್ತಿಗೆ ಅಲ್ವಾ ರೌಂಡ್ಸ್ ಆರ್ಡರ್, ಡಿಸ್ಚಾರ್ಜ್, ಅಡ್ಮಿಷನ್ ಎಲ್ಲಾ ಬೀಳೋದು. ಅವತ್ತಿನ ಡಿಸ್ಚಾರ್ಜ್‌ಗಳೂ ಖಂಡಿತ ತಡ ಆಗಿರುತ್ತವೆ. ನಮ್ಮ ಬೆಳಗಿನ ಶಿಫ್ಟ್ ಎರಡಕ್ಕೆ ಮುಗಿಯುತ್ತದೆ. ಮೂರಕ್ಕೆ ಇಟ್ಟರೆ ಡಾಕ್ಟರ್‌ಗೂ ಸಂಜೆ ಓಪಿಡಿಗೆ ಮೊದಲು ಬಿಡುವಿರುತ್ತದೆ. ಆದರೆ ಬೆಳಗಿನವರು ಉಳಿಯಬೇಕಾಗುತ್ತದೆ. ಆ ಎರಡು ಗಂಟೆಯನ್ನು ಡ್ಯೂಟಿ ಅಂತ ಹಾಕುತ್ತೀರಾ ಅಂತ ಆಹ್ವಾನದಲ್ಲೇ ಬರೆಯಿರಿ. ಇಲ್ಲದಿದ್ದರೆ ಮಗುವನ್ನು ಶಾಲೆಯಿಂದ ಕರೆತರಬೇಕಾದವರು ಬರುವುದಿಲ್ಲ.

ಪೀಣ್ಯ ಎರಡನೇ ಹಂತ

ಶಿಫ್ಟ್ ವಿಷಯ ನಮ್ಮಲ್ಲೂ ಹಾಗೇ. ಅದನ್ನು ಒಪ್ಪುತ್ತೇನೆ. ಆದರೆ ವಾರ್ಡ್ ಇನ್‌ಚಾರ್ಜ್, ಹೌಸ್‌ಕೀಪಿಂಗ್ ಸೂಪರ್‌ವೈಸರ್ ಎಲ್ಲಾ ಯಾಕೆ? ತೀರ್ಮಾನ ತೆಗೆದುಕೊಳ್ಳುವವರು ವಿಭಾಗದ ಮುಖ್ಯಸ್ಥರು. ಅವರಿಲ್ಲದೆ ಕೂತರೆ "ಕೇಳಿ ಹೇಳ್ತೀವಿ" ಅಂತ ಎದ್ದು ಹೋಗುತ್ತಾರೆ.

ತುಂಗೆ ದಂಡೆ

ಹೋದ ಸಲ 17 ಮುಖ್ಯಸ್ಥರು ಬಂದಿದ್ದರು, ಆದರೂ ತೀರ್ಮಾನ ಆಗಲಿಲ್ಲ. ಯಾಕೆಂದರೆ ಔಷಧಿ ವಾಪಸ್ ಹೇಗೆ ಎಣಿಸುತ್ತಾರೆ, ಸಮ್ಮರಿ ಟೈಪಿಸ್ಟ್ ಬಳಿ ಎಷ್ಟು ಫೈಲ್ ಸಾಲುಗಟ್ಟಿರುತ್ತದೆ ಅನ್ನೋದು ಅವರಿಗೆ ಕೈಯಾರೆ ಗೊತ್ತಿಲ್ಲ. ಕೆಲಸ ಮಾಡುವವರು ಕೋಣೆಯಲ್ಲಿ ಇರಬೇಕು. ತೀರ್ಮಾನದ ಅಧಿಕಾರವನ್ನು ಬೇರೆ ರೀತಿ ತನ್ನಿ. ಸೂಪರಿಂಟೆಂಡೆಂಟ್ ಹತ್ತಿರ ಮೊದಲೇ ಒಂದು ಮಾತು ತೆಗೆದುಕೊಳ್ಳಿ: ಎರಡು ವಾರ್ಡಿನಲ್ಲಿ ಎರಡು ವಾರ, ಹೊಸ ಖರ್ಚಿಲ್ಲದ, ರೋಗಿಗೆ ಅಪಾಯವಿಲ್ಲದ ಯಾವ ಬದಲಾವಣೆಯನ್ನಾದರೂ ಆ ಗುಂಪು ಅಲ್ಲೇ ಒಪ್ಪಿ ಶುರು ಮಾಡಬಹುದು. ಆ ಮಾತನ್ನು ಆಹ್ವಾನದಲ್ಲಿ ಅವರ ಹೆಸರಲ್ಲೇ ಬರೆಯಿರಿ. ಮುಖ್ಯಸ್ಥರಿಗೆ ಪ್ರತಿ ಹೋಗಲಿ, ಕೊನೆಯ ಇಪ್ಪತ್ತು ನಿಮಿಷಕ್ಕೆ ಅವರು ಬರಲಿ.

ಸೂಪರಿಂಟೆಂಡೆಂಟ್ ಪೂರ್ತಿ ಕೂರಬೇಕೋ ಬೇಡವೋ ಅನ್ನೋದರಲ್ಲಿ ನನಗೆ ಈಗಲೂ ಎರಡು ಮನಸ್ಸು. ಕೂತರೆ ಜನ ಬಾಯಿ ಬಿಡುವುದಿಲ್ಲ, ಎದ್ದು ಹೋದರೆ ಇದು ಅವರಿಗೆ ಮುಖ್ಯ ಅಲ್ಲ ಅಂದುಕೊಳ್ಳುತ್ತಾರೆ. ನಿಮ್ಮಲ್ಲಿ ಅವರ ಸ್ವಭಾವ ನೋಡಿ ನೀವೇ ನಿರ್ಧರಿಸಬೇಕು.

ಓದುವ ಸಾಮಗ್ರಿ ಬಗ್ಗೆ ಇನ್ನೆರಡು ಮಾತು. ಫೈಲ್‌ನಿಂದ ರೋಗಿಯ ಹೆಸರು, ಐಪಿ ನಂಬರ್ ತೆಗೆಯಿರಿ, ಅದು ಹೇಳಬೇಕಾಗಿಲ್ಲ. ಸಿಬ್ಬಂದಿ ಹೆಸರನ್ನೂ ತೆಗೆಯಿರಿ. ಆದರೂ ಆ ವಾರ್ಡಿನವರಿಗೆ ಅದು ಯಾವ ದಿನದ ಯಾವ ರೋಗಿ ಅಂತ ಗೊತ್ತಾಗಿಯೇ ಆಗುತ್ತದೆ. ಅದಕ್ಕೆ ಎಲ್ಲರಿಗೂ ಕಳಿಸುವ ಮೊದಲು ಆ ವಾರ್ಡಿನ ಇನ್‌ಚಾರ್ಜ್, ಆ ಕನ್ಸಲ್ಟೆಂಟ್ ಇಬ್ಬರಿಗೂ ಖುದ್ದಾಗಿ ತೋರಿಸಿ. ನಾನು ಒಂದು ಸಲ ಇದನ್ನು ಬಿಟ್ಟೆ. ಸರ್ಜನ್ ಒಬ್ಬರು ಆ ಕಾಗದವನ್ನು ಮೊದಲು ನೋಡಿದ್ದು ಬೇರೆಯವರ ಫೋನಿನಲ್ಲಿ. ಕಾರ್ಯಾಗಾರಕ್ಕೆ ಬರಲೇ ಇಲ್ಲ, ಆರು ತಿಂಗಳು ನನ್ನ ಹತ್ತಿರ ಮಾತೂ ಆಡಲಿಲ್ಲ.

ಎರಡನೆಯದು, "ಓದಿ ಬನ್ನಿ" ಅಂತ ನಿಲ್ಲಿಸಬೇಡಿ. ಓದಿ ಏನು ಮಾಡಬೇಕು ಅಂತ ಹೇಳಿ. ಪ್ರತಿಯೊಬ್ಬರಿಗೂ ಅವರ ಕೆಲಸದ ಬಗ್ಗೆ ಒಂದೊಂದೇ ಪ್ರಶ್ನೆ, ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆ. ಟೈಪಿಸ್ಟ್‌ಗೆ: 11ರಿಂದ 12ರೊಳಗೆ ನಿಮ್ಮ ಮೇಜಿಗೆ ಎಷ್ಟು ಫೈಲ್ ಬರುತ್ತದೆ, ಮೂರು ದಿನ ಗೀಟು ಹಾಕಿ ತನ್ನಿ. ಇನ್ಶೂರೆನ್ಸ್ ಡೆಸ್ಕ್‌ಗೆ: ಕಂಪನಿಯವರು ಏನು ಕಡಿಮೆ ಇದೆ ಅಂತ ವಾಪಸ್ ಕೇಳಿದ ಕೊನೆಯ ಐದು ಪ್ರಶ್ನೆ ಬರೆದು ತನ್ನಿ. ಗೀಟು ಹಾಕಿದವನು ಕಾಗದ ಓದಿರುತ್ತಾನೆ. ಓದಿದರೋ ಇಲ್ಲವೋ ಅಂತ ಹಿಂದಿನ ದಿನವೇ ನಿಮಗೆ ತಿಳಿಯುತ್ತದೆ. ಆಗಲೂ ಕಂಬಳಿಹುಳ ಹೇಳಿದ ಹತ್ತು ನಿಮಿಷ ಇಟ್ಟುಕೊಳ್ಳಿ, ನಷ್ಟವಿಲ್ಲ.

ಬೆಳಗಾವಿ ಕುಂದಾ

ನಾನು ದೂರಿನ ಬಗ್ಗೆ ಕೇಳಿದೆ, ಇಲ್ಲಿ ಬೇರೆ ಚರ್ಚೆ ಅಂತ ಈಗ ಗೊತ್ತಾಯಿತು. ಇರಲಿ. ಒಂದು ಕೇಳಲಾ? ನಿಮ್ಮ ಪಟ್ಟಿಯಲ್ಲಿ ಡಾಕ್ಟರ್, ನರ್ಸ್, ಬಿಲ್ಲಿಂಗ್, ಟೈಪಿಸ್ಟ್ ಎಲ್ಲಾ ಇದ್ದಾರೆ. ಮಂಚದ ತುದಿಯಲ್ಲಿ ಕೂತವರ ಕಡೆಯವರು ಒಬ್ಬರೂ ಇಲ್ಲ ಅಲ್ವಾ?

ಕ್ವಾಲಿಟಿ ಡೆಸ್ಕ್

ಈ ಪ್ರಶ್ನೆಗೆ ತುಂಬಾ ಥ್ಯಾಂಕ್ಸ್. ರೋಗಿಯ ಕಡೆಯವರನ್ನು ಕೋಣೆಗೆ ಕರೆಯಲು ಈ ಸಲ ಒಪ್ಪಿಗೆ ಸಿಗಲಿಲ್ಲ. ಆದರೆ ಆ ಫೈಲಿನ ರೋಗಿಯ ಮಗನಿಗೆ ಫೋನ್ ಮಾಡಿ ಅವರ ಕಡೆಯಿಂದ ಆ ದಿನ ಹೇಗಿತ್ತು ಅಂತ ಕೇಳಿದೆ. ಅವರು ಹೇಳಿದ್ದನ್ನು ಅವರ ಒಪ್ಪಿಗೆಯಿಂದಲೇ ಅದೇ ಪುಟದ ಪಕ್ಕದ ಸಾಲಿನಲ್ಲಿ ಹಾಕಿದೆ. 12:15ರ ಎದುರು ಅವರ ಮಾತು: "ಊಟ ತರಿಸಬೇಕೋ ಬೇಡವೋ ಗೊತ್ತಾಗಲಿಲ್ಲ." ಸಕ್ಕರೆ ಕಾಯಿಲೆ ಇರುವ ರೋಗಿ. ವಾರ್ಡಿನ ಊಟದ ಪಟ್ಟಿಯಿಂದ ಅವರ ಹೆಸರು ಬೆಳಗ್ಗೆಯೇ ಹೋಗಿತ್ತು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನೀವೆಲ್ಲಾ ಹೇಳಿದ್ದನ್ನು ಸೇರಿಸಿ ಬರೆದ ಆಹ್ವಾನ ಇದು. ನಾಳೆ ಕಳಿಸುತ್ತೇನೆ.

> ವಿಷಯ: ಇನ್ಶೂರೆನ್ಸ್ ರೋಗಿ ಮನೆಗೆ ಹೊರಡಲು ಏಳು ಗಂಟೆ ಯಾಕೆ? ಬುಧವಾರ ಮಧ್ಯಾಹ್ನ 3ರಿಂದ 5, ಮೊದಲ ಮಹಡಿ ತರಬೇತಿ ಕೋಣೆ
>
> ಯಾಕೆ ಸೇರುತ್ತಿದ್ದೇವೆ: ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡಿನ ಕ್ಯಾಶ್‌ಲೆಸ್ ರೋಗಿಗಳಿಗೆ, ಡಾಕ್ಟರ್ ಬಾಯಲ್ಲಿ "ಮನೆಗೆ ಹೋಗಬಹುದು" ಅಂದ ಹೊತ್ತಿನಿಂದ ಇನ್ಶೂರೆನ್ಸ್ ಪೋರ್ಟಲ್‌ಗೆ ಕಾಗದ ಏರುವ ತನಕ ಸಮಯ ಎಲ್ಲಿ ಹೋಗುತ್ತಿದೆ ಅಂತ ಕಂಡುಹಿಡಿದು, ಎರಡು ಬದಲಾವಣೆ ಆರಿಸಲು.
>
> ಈ ಸಲ ಮಾತಾಡದ ವಿಷಯಗಳು: ನಗದು ರೋಗಿಗಳು, ಇನ್ಶೂರೆನ್ಸ್ ಕಂಪನಿ ತೆಗೆದುಕೊಳ್ಳುವ ಸಮಯ, ಹೊಸ ಸಾಫ್ಟ್‌ವೇರ್, ಹೊಸ ನೇಮಕಾತಿ. ನಗದು ರೋಗಿಗಳಿಗೆ ಮುಂದಿನ ತಿಂಗಳು ಬೇರೆ ಸೇರೋಣ.
>
> ಹೊರಬರುವಾಗ ನಮ್ಮ ಬಳಿ ಇರಬೇಕಾದದ್ದು: ಎಲ್ಲರೂ "ಹೌದು, ಹೀಗೇ ಆಗುತ್ತದೆ" ಅಂತ ಒಪ್ಪಿದ, ಹೊತ್ತು ಬರೆದ ಒಂದು ನಕ್ಷೆ. ಎರಡು ವಾರ ಮಾಡಿ ನೋಡಲು ಎರಡು ಬದಲಾವಣೆ, ಒಂದೊಂದಕ್ಕೂ ಒಬ್ಬರ ಹೆಸರು. ಕಾಯುತ್ತಿರುವ ಮನೆಯವರಿಗೆ ಯಾರು, ಯಾವಾಗ, ಏನು ಹೇಳಬೇಕು ಅನ್ನುವ ಒಪ್ಪಂದ. ಒಪ್ಪಲಾಗದೆ ಉಳಿದ ವಿಷಯಗಳ ಪಟ್ಟಿ.
>
> ತೀರ್ಮಾನ ಯಾರದು: ಖರ್ಚಿಲ್ಲದ, ರೋಗಿಗೆ ಅಪಾಯವಿಲ್ಲದ ಬದಲಾವಣೆಯನ್ನು ಈ ಗುಂಪೇ ಒಪ್ಪಿ ಸೋಮವಾರದಿಂದ ಶುರು ಮಾಡಬಹುದು ಅಂತ ಮೆಡಿಕಲ್ ಸೂಪರಿಂಟೆಂಡೆಂಟ್ ಹೇಳಿದ್ದಾರೆ. ಅವರೂ ವಿಭಾಗದ ಮುಖ್ಯಸ್ಥರೂ 4:40ಕ್ಕೆ ಬರುತ್ತಾರೆ.
>
> ಮೊದಲೇ ನೋಡಬೇಕಾದದ್ದು (10 ನಿಮಿಷ): ಜೊತೆಗಿರುವ ಒಂದು ಪುಟ. ಒಬ್ಬ ರೋಗಿಯ ಒಂದು ದಿನ, ಹೊತ್ತಿನ ಸಮೇತ. ನಿಮ್ಮ ಕೆಲಸದ ಸಾಲು ಸರಿಯಿಲ್ಲ ಅನಿಸಿದರೆ ತಿದ್ದಿ ತನ್ನಿ.
>
> ತರಬೇಕಾದದ್ದು: ನಿಮ್ಮ ಹೆಸರಿನ ಎದುರು ಇರುವ ಒಂದು ಪ್ರಶ್ನೆಗೆ ಉತ್ತರ. ಮಂಗಳವಾರ ಸಂಜೆಯೊಳಗೆ ಫೋಟೋ ತೆಗೆದು ನನಗೆ ಕಳಿಸಿ.
>
> ಬೆಳಗಿನ ಶಿಫ್ಟ್‌ನವರಿಗೆ ಈ ಎರಡು ಗಂಟೆ ಡ್ಯೂಟಿ ಲೆಕ್ಕಕ್ಕೆ ಬರುತ್ತದೆ. ಬರಲು ಆಗದಿದ್ದರೆ ಸೋಮವಾರದೊಳಗೆ ಹೇಳಿ, ಅದೇ ಕೆಲಸ ಮಾಡುವ ಇನ್ನೊಬ್ಬರನ್ನು ಕಳಿಸಿ.

ಒಟ್ಟು ಹತ್ತು ಜನ. ಐದು ದಿನ ಮೊದಲು ಕಳಿಸುತ್ತಿದ್ದೇನೆ.

ಕ್ಯಾಶ್ ಕೌಂಟರ್

"ಮಾತಾಡದ ವಿಷಯಗಳು" ಅಂತ ಹಾಕಿದ್ದು ನನಗೆ ಇಷ್ಟ ಆಯಿತು. ನಗದು ರೋಗಿ ಬಿಟ್ಟುಹೋಗಿಲ್ಲ, ಮುಂದಿನ ತಿಂಗಳು ಇದೆ ಅಂತ ಗೊತ್ತಾದರೆ ನಮ್ಮಂಥವರು ಸುಮ್ಮನಿರುತ್ತೇವೆ. ಇಲ್ಲದಿದ್ದರೆ ನಾನೇ ಮೊದಲು ಎದ್ದು ಕೇಳುತ್ತಿದ್ದೆ.

ಪೀಣ್ಯ ಎರಡನೇ ಹಂತ

ಇನ್ಶೂರೆನ್ಸ್ ಕಂಪನಿಯ ಸಮಯವನ್ನು ಪೂರ್ತಿ ಹೊರಗಿಟ್ಟದ್ದು ನನಗೆ ಸರಿ ಕಾಣಲಿಲ್ಲ. ನೀವು ಅರೆಬರೆ ಕಾಗದ ಕಳಿಸಿದರೆ ಅವರು ಪ್ರಶ್ನೆ ಹಾಕುತ್ತಾರೆ, ಆ ಸಮಯ ಅವರ ಲೆಕ್ಕದಲ್ಲಿ ಕಾಣುತ್ತದೆ, ತಪ್ಪು ಮಾತ್ರ ನಿಮ್ಮದು. ಅದನ್ನು ಯಾರು ನೋಡುತ್ತಾರೆ?

ತುಂಗೆ ದಂಡೆ

ಒಳ್ಳೆಯ ಮಾತು. ಇನ್ಶೂರೆನ್ಸ್ ಡೆಸ್ಕ್‌ನವರು ತರುವ ಐದು ಪ್ರಶ್ನೆಗಳಲ್ಲಿ ಇದು ಕಾಣಬೇಕು. ಕಂಡರೆ ಗಡಿಯನ್ನು ಅಲ್ಲೇ ಸ್ವಲ್ಪ ಸರಿಸಿ, "ಪ್ರಶ್ನೆ ಬಾರದ ಹಾಗೆ ಏರಿಸುವ ತನಕ" ಅಂತ ಓದಿಕೊಳ್ಳಿ. ಆಹ್ವಾನವನ್ನು ಮತ್ತೆ ತಿದ್ದಿ ಕಳಿಸಬೇಡಿ, ಎರಡು ಪ್ರತಿ ಓಡಾಡಿದರೆ ಗೊಂದಲ.

ಕ್ವಾಲಿಟಿ ಡೆಸ್ಕ್

ಕಾರ್ಯಾಗಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಹತ್ತರಲ್ಲಿ ಒಂಬತ್ತು ಜನ ಬಂದರು. ಮಂಗಳವಾರ ಸಂಜೆಗೆ ಆರು ಜನರ ಉತ್ತರ ಬಂದಿತ್ತು, ಉಳಿದವರಿಗೆ ಫೋನ್ ಮಾಡಿದೆ. ಮೂರು ಕಾಲಿಗೆಲ್ಲಾ ಗೋಡೆ ಮೇಲೆ ಕಾಗದ ಅಂಟಿಸಿ ಕೆಲಸ ಶುರುವಾಯಿತು. "ನಿಮ್ಮ ಸಂಖ್ಯೆ ಸರಿಯಿಲ್ಲ" ಅನ್ನುವ ಮಾತು ಬರಲೇ ಇಲ್ಲ, ಯಾಕೆಂದರೆ ಎಲ್ಲರೂ ಅದರ ಮೇಲೆ ಪೆನ್ನಿನಲ್ಲಿ ತಿದ್ದಿಕೊಂಡೇ ಬಂದಿದ್ದರು.

ಟೈಪಿಸ್ಟ್ ಹಾಕಿದ ಗೀಟುಗಳೇ ದೊಡ್ಡ ವಿಷಯ ಆದವು. ಮೂರು ವಾರ್ಡಿಗೆ ಅವರೊಬ್ಬರೇ. 10:45ರಿಂದ 11:45ರೊಳಗೆ ಆ ದಿನದ ಫೈಲ್ ಎಲ್ಲಾ ಅವರ ಮೇಜಿಗೆ ಬೀಳುತ್ತದೆ. ಹಿಂದಿನ ದಿನ ಸಂಜೆ ನಾಲ್ಕರ ಮೇಲೆ ಅವರಿಗೆ ಹೆಚ್ಚು ಕೆಲಸವೇ ಇರುವುದಿಲ್ಲ. ಇದನ್ನು ಅವರು ಯಾವತ್ತೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಆದ್ದರಿಂದ ಮೊದಲ ಬದಲಾವಣೆ: ಸಂಜೆ ರೌಂಡ್ಸ್‌ನಲ್ಲಿ ಡ್ಯೂಟಿ ಡಾಕ್ಟರ್ "ನಾಳೆ ಮನೆಗೆ" ಅಂತ ಗುರುತು ಹಾಕುವುದು, ಆ ಸಮ್ಮರಿಯನ್ನು ಸಂಜೆಯೇ ಕರಡು ಟೈಪ್ ಮಾಡಿಡುವುದು. ಎರಡನೆಯದು: ರೌಂಡ್ಸ್ ಪೂರ್ತಿ ಮುಗಿಯುವ ತನಕ ಕಾಯದೆ, ಮನೆಗೆ ಹೋಗುವವರ ಫೈಲನ್ನು ಆ ಮಂಚದ ಹತ್ತಿರವೇ ಬರೆದು ಮುಗಿಸುವುದು. ಮನೆಯವರಿಗೆ ಹೇಳುವ ಜವಾಬ್ದಾರಿಯನ್ನು ಶಿಫ್ಟ್ ನರ್ಸ್ ತೆಗೆದುಕೊಂಡರು: ಗಂಟೆಗೊಮ್ಮೆ, ಈಗ ಯಾವ ಹಂತ, ಊಟ ಬೇಕಾ. ಸಂಜೆ ಗುರುತು ಬಿದ್ದ ರೋಗಿಯ ಮಧ್ಯಾಹ್ನದ ಊಟವನ್ನು ಪಟ್ಟಿಯಿಂದ ತೆಗೆಯಬಾರದು ಅಂತಲೂ ಆಯಿತು.

ಒಪ್ಪಲಾಗದೆ ಉಳಿದದ್ದು ಸಹಿ. ಕನ್ಸಲ್ಟೆಂಟ್ ಓಪಿಡಿಯಲ್ಲಿ, ಓಟಿಯಲ್ಲಿ ಇದ್ದಾಗ ಅವರ ತಂಡದ ಇನ್ನೊಬ್ಬ ಡಾಕ್ಟರ್ ಸಹಿ ಹಾಕಬಹುದಾ ಅಂತ ಕೇಳಿದೆವು. ಇಬ್ಬರು ಒಪ್ಪಿದರು, ಇಬ್ಬರು ಖಂಡಿತ ಬೇಡ ಅಂದರು. ನನ್ನ ರೋಗಿ, ನಾನು ಓದದೆ ಕಾಗದ ಹೊರಗೆ ಹೋಗಬಾರದು ಅಂತ. ಅವರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಪಟ್ಟಿಯಲ್ಲಿ ಹಾಗೇ ಇದೆ.

ಈಗ ಒಂದು ವಾರ ಆಗಿದೆ. ಗುರುತು ಬಿದ್ದ ರೋಗಿಗಳ ಸಮ್ಮರಿ ಬೆಳಗ್ಗೆ ಹತ್ತೂವರೆಗೆ ಸಹಿಗೆ ಸಿದ್ಧ ಇರುತ್ತದೆ. ಆದರೆ ಒಂದು ಭಯ ಬಂದಿದೆ. ಗುರುತು ಬಿದ್ದವರಲ್ಲಿ ಒಬ್ಬರಿಗೆ ರಾತ್ರಿ ಜ್ವರ ಬಂತು. ಬೆಳಗ್ಗೆ ಔಷಧಿ ಬದಲಾಯಿತು, ಮತ್ತೊಂದು ದಿನ ಇಟ್ಟುಕೊಂಡರು. ಮರುದಿನ ಹೊರಡುವಾಗ ಹಳೇ ಕರಡೇ ಪ್ರಿಂಟ್ ಆಗಿ ಬಂತು, ಹಳೇ ಔಷಧಿಯ ಸಮೇತ. ನರ್ಸ್ ಹಿಡಿದರು, ರೋಗಿಗೆ ಹೋಗಲಿಲ್ಲ. ಇದಕ್ಕೆ ಏನು ಮಾಡಲಿ?

ಕಂಬಳಿಹುಳ

ಕರಡಿನ ಮೇಲೆ ತಾರೀಖು, ಹೊತ್ತು ತಾನಾಗಿಯೇ ಬರುವ ಹಾಗೆ ಮಾಡಿಸಿ. ಹಿಂದಿನ ಸಂಜೆಗಿಂತ ಹಳೆಯದಾದರೆ ಪ್ರಿಂಟ್ ಆಗಬಾರದು.

ಸೋನೆಮಳೆ

ಸಾಫ್ಟ್‌ವೇರ್ ಬದಲಾಯಿಸಲು ಎಷ್ಟು ತಿಂಗಳು ಬೇಕೋ. ಮೇಡಂ, ಅಲ್ಲಿಯ ತನಕ ಹೀಗೆ ಮಾಡಿ. ಸಂಜೆ ಟೈಪ್ ಮಾಡುವಾಗ ಕಾಯಿಲೆಯ ವಿವರ, ಪರೀಕ್ಷೆ, ಕೊಟ್ಟ ಚಿಕಿತ್ಸೆ ಅಷ್ಟನ್ನೇ ತುಂಬಿಸಲಿ. ಮನೆಗೆ ಕೊಡುವ ಔಷಧಿಯ ಜಾಗ ಖಾಲಿ ಬಿಡಲಿ. ಬೆಳಗ್ಗೆ ಡಾಕ್ಟರ್ ನೋಡಿದ ಮೇಲೆ ಅದನ್ನು ಬರೆಸಬೇಕು. ಖಾಲಿ ಇದ್ದರೆ ಯಾರ ಕಣ್ಣಿಗೂ ಬೀಳುತ್ತದೆ, ಹಳೇ ಔಷಧಿ ಇದ್ದರೆ ಕಣ್ಣಿಗೆ ಬೀಳುವುದಿಲ್ಲ.

ತುಂಗೆ ದಂಡೆ

ಇದನ್ನು ನಾಳೆಯಿಂದಲೇ ಮಾಡಿ. ರೋಗಿಗೆ ಅಪಾಯ ಇರುವ ವಿಷಯ, ಎರಡು ವಾರ ಮುಗಿಯಲಿ ಅಂತ ಕಾಯಬೇಡಿ. ಸೂಪರಿಂಟೆಂಡೆಂಟ್‌ಗೂ ಇವತ್ತೇ ತಿಳಿಸಿ. ಅವರು ಕೊಟ್ಟ ಮಾತಿನಲ್ಲಿ "ಅಪಾಯವಿಲ್ಲದ" ಅಂತ ಇತ್ತು.

ಕ್ವಾಲಿಟಿ ಡೆಸ್ಕ್

ಈಗಷ್ಟೇ ಹೇಳಿ ಬಂದೆ. ಔಷಧಿಯ ಜಾಗ ಖಾಲಿ ಬಿಡಲು ಟೈಪಿಸ್ಟ್ ಇವತ್ತು ಸಂಜೆಯಿಂದಲೇ ಶುರು ಮಾಡುತ್ತಾರೆ. ನಗದು ರೋಗಿಗಳ ಕಾರ್ಯಾಗಾರಕ್ಕೆ ಫಾರ್ಮಸಿಯ ಒಂದು ದಿನವನ್ನು ಬಿಡಿಸಲು ಕೂತಿದ್ದೇನೆ. ಕ್ಯಾಶ್ ಕೌಂಟರ್ ಅವರೇ, ನಿಮ್ಮಲ್ಲಿ ಔಷಧಿ ವಾಪಸ್ ಬಂದಾಗ ಯಾರು ಎಣಿಸುತ್ತಾರೆ, ವಾರ್ಡಿನವರಾ, ಫಾರ್ಮಸಿಯವರಾ?

ಕ್ಯಾಶ್ ಕೌಂಟರ್

ಎರಡೂ ಕಡೆ ಎಣಿಸುತ್ತಾರೆ ಮೇಡಂ. ತೊಂದರೆ ಶುರುವಾಗುವುದೇ ಅಲ್ಲಿ.